ಬೇಕಾಗಿತ್ತು ಎಂಬ ತಿದ್ದುಪಡಿ

ಚಿಕ್ಕಪ್ಪ ತನ್ನ ಮೊಬೈಲನ್ನು ನನ್ನ ಎಣಿಕೆ ಮೇಜಿನ ಮೇಲೆ, ಒದ್ದೆ ದಿಂಬಿನ ಕವರುಗಳ ಪಕ್ಕದಲ್ಲಿ ಕುಕ್ಕಿದ.

"ನೋಡೇ ಕಾಲೇಜು, ಇಪ್ಪತ್ತೆರಡು ವರ್ಷ ದುಡಿದ ಮೇಲೆ ನಂಗೆ ಪ್ರಶ್ನೆಪತ್ರಿಕೆ ಬಂದಿದೆ."

ಪರದೆಯ ಮೇಲೆ ಎರಡು ಸಂದೇಶಗಳಿದ್ದವು. ಮೊದಲನೆಯದು ಅವನದು: "ಯಜಮಾನ್ರೇ ಒಂದು 12 ಬೇಕಾಗಿತ್ತು. ನೋಡಿ." ಎರಡನೆಯದು ಯಜಮಾನರ ನಂಬರಿನಿಂದ ಬಂದಿದ್ದರೂ ಅವರದಲ್ಲ, ಅವರ ಮಗಳದು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು: "12 ಏನು? ಯಾವಾಗ? ಯಾತಕ್ಕೆ? ಹೇಗೆ ತೀರಿಸುತ್ತೀರಿ? ದಯವಿಟ್ಟು ಬರೆದು ಕೊಡಿ."

"ಹನ್ನೆರಡು ಏನು ಅಂತೆ! ಹನ್ನೆರಡು ಆನೆ ಕೇಳ್ತೀನಾ ನಾನು?"

"ಚಿಕ್ಕಪ್ಪಾ, ಸೂಚನೆ ಹಾಕಿ ಎರಡು ತಿಂಗಳಾಯ್ತು. ಮೆಸೇಜು ನಡೆಯಲ್ಲ ಅಂತ ನಾನೇ ಓದಿ ಹೇಳಿದ್ನಲ್ಲ."

"ಅದು ಹೊಸಬರಿಗೆ."

ನಾನು ದಿಂಬಿನ ಕವರುಗಳನ್ನು ಎಣಿಸುತ್ತಿದ್ದೆ. ನೂರ ನಲವತ್ತೋ ನೂರ ನಲವತ್ತೊಂದೋ ಮರೆತುಹೋಯಿತು. ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಈ ಎರಡು ತಿಂಗಳಲ್ಲಿ ಹೀಗೆ ಎಷ್ಟು ಸಲ ಎಣಿಕೆ ತಪ್ಪಿದೆಯೋ.

ನಮ್ಮದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆ. ಒಂದು ಬಾಗಿಲಿಂದ ಕೊಳೆ ಬಟ್ಟೆ ಬರುತ್ತದೆ, ಇನ್ನೊಂದು ಬಾಗಿಲಿಂದ ಮಡಿಚಿದ ಬಟ್ಟೆ ಹೋಗುತ್ತದೆ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಚಿಕ್ಕಪ್ಪ ರೋಲರ್ ಇಸ್ತ್ರಿಯವನು. ಮಂಚದಷ್ಟು ಅಗಲದ ಬಿಸಿ ಉರುಳೆಗೆ ಒದ್ದೆ ಬೆಡ್‌ಶೀಟಿನ ಎರಡು ತುದಿ ಸರಿಯಾಗಿ ಹಿಡಿದು ಕೊಡಬೇಕು. ಒಂದು ಬೆರಳಗಲ ಓರೆಯಾದರೂ ಶೀಟು ಆ ಕಡೆಯಿಂದ ಸುಕ್ಕಾಗಿ ಬರುತ್ತದೆ. ಅವನ ಕೈಯಿಂದ ಹೋದದ್ದು ಸುಕ್ಕಾಗುವುದಿಲ್ಲ. ನನಗೆ ಇಲ್ಲಿ ಕೆಲಸ ಕೊಡಿಸಿದವನೂ ಅವನೇ. ಸಂಜೆ ಕಾಲೇಜಿಗೆ ನಾಲ್ಕು ವರ್ಷ ಹೋಗಿ ಬಂದೆನೆಂದು ನನ್ನನ್ನು ಎಲ್ಲರೆದುರು 'ಕಾಲೇಜು' ಎಂದೇ ಕರೆಯುತ್ತಾನೆ. ಅದು ಹೆಮ್ಮೆಯೋ ಗೇಲಿಯೋ ಎಂದು ನಾನು ಕೇಳಿಲ್ಲ. ಯಾವ ಉತ್ತರ ಬಂದೀತೋ ಎಂಬ ಭಯ.

ಮುಂಚೆ ಇಲ್ಲಿ ಮುಂಗಡ ಕೇಳುವ ವಿಧಾನವೇ ಬೇರೆ ಇತ್ತು. ಯಜಮಾನರು ಬೆಳಗ್ಗೆ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಯಾರಾದರೂ ಹತ್ತಿರ ಹೋಗಿ ತಲೆ ಕೆರೆದುಕೊಂಡರೆ ಅವರ ಕೈ ಜೇಬಿಗೆ ಹೋಗುತ್ತಿತ್ತು. ಚೆನ್ನಾಗಿ ಅತ್ತವರಿಗೆ ಹೆಚ್ಚು, ನಗುತ್ತ ಕೇಳಿದವರಿಗೆ ಕಡಿಮೆ. ಬಟ್ಟೆ ಮಡಿಚುವ ಅಕ್ಕ ಒಬ್ಬಳಿದ್ದಾಳೆ, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳದವಳು. ಕೇಳಲು ಬಾಯಿ ಬರದೆ ಮಗನ ಕಾಲು ಮುರಿದಾಗ ಹೊರಗೆ ಬಡ್ಡಿಗೆ ತಂದಳು. ಯಜಮಾನರಿಗೆ ಎದೆನೋವು ಬಂದು ಅವರ ಮಗಳು, ನಾವೆಲ್ಲ ಚಿಕ್ಕ ಮೇಡಂ ಎನ್ನುತ್ತೇವೆ, ಆಫೀಸಿಗೆ ಬಂದು ಕೂತ ಮೇಲೆ ಅವರು ಮಾಡಿದ ಮೊದಲ ಕೆಲಸ ಆ ಗೇಟಿನ ವ್ಯವಹಾರ ನಿಲ್ಲಿಸಿದ್ದು. ಬರೆದು ಕೊಡಬೇಕು. ಎಷ್ಟು ಬೇಕು, ಯಾವ ದಿನಕ್ಕೆ, ಯಾತಕ್ಕೆ, ಎಷ್ಟು ಕಂತಿನಲ್ಲಿ ಸಂಬಳದಿಂದ ಹಿಡಿದುಕೊಳ್ಳಬಹುದು, ಅದಕ್ಕೆ ಒಪ್ಪಿಗೆ. ತಿಂಗಳ ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಬುಧವಾರದೊಳಗೆ ಕೊಟ್ಟರೆ ಶುಕ್ರವಾರ ಮೂರು ಗಂಟೆಗೆ ಬ್ಯಾಂಕಿಗೆ ಹೋಗುವ ಪಟ್ಟಿಯಲ್ಲಿ ಸೇರುತ್ತದೆ.

ನನಗೆ ಇದು ನ್ಯಾಯವೆಂದೇ ಅನಿಸಿತ್ತು. ಅನಿಸಿದ್ದನ್ನು ಮಡಿಚುವ ಅಕ್ಕನ ಮುಂದೆ ಹೇಳಿದ್ದೇ ತಪ್ಪಾಯಿತು. "ಹಾಗಾದ್ರೆ ನಂದು ನೀನೇ ಬರ್ಕೊಡು" ಎಂದಳು. ಬರೆದುಕೊಟ್ಟೆ. ಮೂರನೇ ದಿನ ಹಣ ಬಂತು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ವ್ಯಾನ್ ಡ್ರೈವರ್ ಬಂದ. "ಬರ್ಕೋ. ಅರ್ಜೆಂಟು, ಐದು."

"ಯಾತಕ್ಕೆ?"

"ಬೈಕಿನ ಸೈಲೆನ್ಸರು. ಆದ್ರೆ ಹಾಗೆ ಬರೀಬೇಡ. ತಾಯಿಗೆ ಹುಷಾರಿಲ್ಲ ಅಂತ ಬರಿ."

"ನಿಮ್ಮ ತಾಯಿ ಈಗ ತಾನೇ ಗೇಟಿಗೆ ಬಂದು ನಿಮಗೆ ಡಬ್ಬಿ ಕೊಟ್ಟು, ನನ್ನ ಹತ್ರ ಹತ್ತು ನಿಮಿಷ ಸೊಸೇನ ಬೈದು ಹೋದ್ರು."

"ಅಯ್ಯೋ, ಪತ್ರದಲ್ಲಿ ತಾನೇ ಹುಷಾರಿಲ್ದೇ ಇರೋದು."

ನಾನು ಬರೆಯಲಿಲ್ಲ. ಕೆಲಸಕ್ಕೆ ಬರಲು ಬೈಕು ಬೇಕು, ಅದು ರಿಪೇರಿಗೆ ಬಂದಿದೆ, ಗ್ಯಾರೇಜಿನ ಚೀಟಿ ಲಗತ್ತಿಸಿದೆ ಎಂದು ಬರೆದೆ. ನಿಜಕ್ಕೂ ಅಷ್ಟೇ ಸಾಕಾಗಿತ್ತು. ಹಣ ಬಂತು. ಅವನು ಮಾತ್ರ, "ತಾಯಿ ಅಂದಿದ್ರೆ ಎಂಟು ಸಿಗ್ತಿತ್ತು" ಎಂದು ಇವತ್ತಿಗೂ ಗೊಣಗುತ್ತಾನೆ.

ನನ್ನವೂ ಮೊದಮೊದಲು ಸರಿಯಿರಲಿಲ್ಲ. ಸಂಜೆ ತರಗತಿಯಲ್ಲಿ ಕಲಿತ ಪತ್ರಲೇಖನವನ್ನೆಲ್ಲ ಅದರೊಳಗೆ ಸುರಿಯುತ್ತಿದ್ದೆ. 'ತಮ್ಮ ದಯಾಪೂರ್ಣ ಸನ್ನಿಧಿಯಲ್ಲಿ', 'ಬಡವಳಾದ ನಾನು', 'ಕೈಹಿಡಿದು ಕಾಪಾಡಬೇಕಾಗಿ'. ಒಂದು ಪತ್ರ ವಾಪಸ್ ಬಂದಾಗ ಅಂಚಿನಲ್ಲಿ ಚಿಕ್ಕ ಮೇಡಂ ಪೆನ್ಸಿಲಿನಿಂದ ಬರೆದಿದ್ದರು: "ದಯೆ ಬೇಡ. ದಿನಾಂಕ ಬೇಕು." ಅದನ್ನು ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ಯೋಚಿಸಿದಾಗ ಅವರು ಹೇಳಿದ್ದೇ ಸರಿಯೆನಿಸಿತು. ದುಡಿಯುವವರು ತಮ್ಮ ಸಂಬಳದಲ್ಲೇ ಸ್ವಲ್ಪವನ್ನು ಮುಂಚೆ ಕೇಳುತ್ತಿದ್ದಾರೆ. ಅದಕ್ಕೆ ಕಾಲು ಹಿಡಿಯುವುದು ಯಾಕೆ? ಆಮೇಲಿಂದ ನಾನು ಬರೆಯುವ ಪತ್ರಗಳು ಗಿಡ್ಡವಾದವು. 'ಸಾಲ' ಎಂಬ ಪದ ತೆಗೆದೆ, 'ಸಂಬಳದ ಮುಂಗಡ' ಎಂದು ಹಾಕಿದೆ. 'ತೀರಿಸುತ್ತೇನೆ' ಎಂಬ ಮಾತನ್ನು 'ಈ ತಿಂಗಳಿಂದ ತಿಂಗಳಿಗೆ ಇಷ್ಟರಂತೆ ಹಿಡಿದುಕೊಳ್ಳಲು ಒಪ್ಪಿದ್ದೇನೆ' ಎಂದು ಬದಲಿಸಿದೆ. ಎಲ್ಲರಿಗೂ ಒಂದು ಪಾಠ ಮಾತ್ರ ಬಾಯಿಪಾಠ ಮಾಡಿಸಿದೆ: ಪತ್ರದಲ್ಲಿ ಏನಾದರೂ ತಿದ್ದಿದರೆ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಇಲ್ಲದಿದ್ದರೆ ಯಾರು ತಿದ್ದಿದರೆಂದು ಗೊತ್ತಾಗುವುದಿಲ್ಲ.

ಆ ಪಾಠವನ್ನು ನಾನು ಹೇಳಿಕೊಡದೆ ಇದ್ದಿದ್ದರೆ ಚೆನ್ನಾಗಿತ್ತು.

* * *

ಚಿಕ್ಕಪ್ಪನಿಗೆ ಹನ್ನೆರಡು ಸಾವಿರ ಯಾಕೆ ಬೇಕೆಂದು ನನಗೆ ಗೊತ್ತಿತ್ತು. ಅವರಿರುವುದು ಮೂರನೇ ಮಹಡಿ. ಐವತ್ತೊಂದು ಮೆಟ್ಟಿಲು. ಚಿಕ್ಕಮ್ಮನ ಮೊಣಕಾಲಿನ ಆಪರೇಷನ್ ಆಗಿ ನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಯಿಂದ ಬಂದ ದಿನ ಅವಳನ್ನು ಕುರ್ಚಿ ಸಮೇತ ಹೊತ್ತುಕೊಂಡು ಹೋಗಿ ಮೇಲೆ ಇಟ್ಟಿದ್ದು, ಆಮೇಲೆ ಅವಳು ನೆಲ ಮುಟ್ಟಿರಲಿಲ್ಲ. ಬೀದಿಯನ್ನು ಕಿಟಕಿಯಿಂದ ನೋಡುತ್ತಾಳೆ. ತರಕಾರಿಯವನ ಗಾಡಿಗೆ ಹಗ್ಗದಲ್ಲಿ ಚೀಲ ಇಳಿಬಿಟ್ಟು, ಅವನು ಹಾಕಿದ ಬದನೆಕಾಯಿ ಹುಳುಕಾಗಿದ್ದರೆ ಮೇಲಿಂದಲೇ ವಾಪಸ್ ಎಸೆಯುತ್ತಾಳೆ. ಅದೇ ಕಟ್ಟಡದ ಕೆಳಗಿನ ಮನೆ ಈಗ ಖಾಲಿಯಾಗಿತ್ತು. ಓನರಮ್ಮ ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಠೇವಣಿ ಇನ್ನೂ ಹನ್ನೆರಡು ಸಾವಿರ ಹೆಚ್ಚು, ಶನಿವಾರ ಸಂಜೆಯೊಳಗೆ. ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ.

ಮಂಗಳವಾರ ಊಟದ ಹೊತ್ತಿನಲ್ಲಿ ಕಾಗದ, ಪೆನ್ನು ಹಿಡಿದು ರೋಲರಿನ ಹಿಂದೆ ಕೂತೆ. ಮೇಲೆ ಹಬೆ, ಕೆಳಗೆ ಬಿಸಿ ಸಿಮೆಂಟು.

"ಕಾರಣ ಏನಂತ ಬರೀಲಿ?"

"ಸ್ವಂತ ಕಾರಣ."

"ಅದು ಸಾಲಲ್ಲ ಚಿಕ್ಕಪ್ಪ. ಸ್ವಂತ ಕಾರಣ ಅಂದ್ರೆ ಸೈಲೆನ್ಸರೂ ಸ್ವಂತ ಕಾರಣಾನೇ."

"ಹಾಗಾದ್ರೆ ಏನಂತ ಬರೀತೀಯ?"

"ಚಿಕ್ಕಮ್ಮನಿಗೆ ಆಪರೇಷನ್ ಆಗಿದೆ, ಮೆಟ್ಟಿಲು ಹತ್ತೋಕಾಗಲ್ಲ, ಅದಕ್ಕೆ ಕೆಳಗಿನ ಮನೆ…"

ಅವನು ತುತ್ತನ್ನು ಡಬ್ಬಿಗೆ ವಾಪಸ್ ಹಾಕಿದ. "ನೋಡು. ನನ್ನ ಹೆಂಡ್ತಿ ಮೊಣಕಾಲು ತೋರ್ಸಿ ದುಡ್ಡು ಕೇಳೋ ಗತಿ ನಂಗೆ ಬಂದಿಲ್ಲ. ಆ ಕಾಗದ ಆಫೀಸಿನ ಮೇಜಿನ ಮೇಲೆ ಬಿದ್ದಿರುತ್ತೆ. ಆ ಡ್ರೈವರು ಕೂಡ ಓದ್ತಾನೆ. ನಾಳೆ 'ಅಕ್ಕನ ಮಂಡಿ ಹೇಗಿದೆ' ಅಂತ ಗೇಟಲ್ಲಿ ಕೇಳ್ತಾನೆ. ಬೇಡ ಅಂದ್ರೆ ಬೇಡ."

"ಗೇಟಲ್ಲಿ ಯಜಮಾನರ ಮುಂದೆ ತಲೆ ಕೆರ್ಕೊಂಡು ನಿಲ್ತಿದ್ದಾಗ ಏನೂ ಅನಿಸ್ತಿರ್ಲಿಲ್ವಾ?"

"ತಲೆ ನಂದು. ಕೆರ್ಕೊಂಡೆ."

ನನಗೆ ಕಾಗದ ಹರಿದು ಎಸೆಯುವಷ್ಟು ಸಿಟ್ಟು ಬಂತು. ಆದರೆ ಅವನು ಹೇಳಿದ್ದರಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿದರೆ ತಪ್ಪು ಸಿಗಲಿಲ್ಲ, ಅದೇ ಇನ್ನೂ ಸಿಟ್ಟು. ಕಡೆಗೆ ಹೀಗೆ ಬರೆದೆ:

"ಮಾನ್ಯರೇ, ನಾನು ರೋಲರ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ (ಟೋಕನ್ ಸಂಖ್ಯೆ ಏಳು). ನಾವು ವಾಸವಿರುವ ಕಟ್ಟಡದಲ್ಲೇ ಬೇರೆ ಮನೆಗೆ ಬದಲಾಗುತ್ತಿದ್ದು, ಹೆಚ್ಚುವರಿ ಠೇವಣಿ ಕಟ್ಟಲು ಸಂಬಳದ ಮುಂಗಡವಾಗಿ ಹನ್ನೆರಡು ಸಾವಿರ ಬೇಕಾಗಿದೆ. ಠೇವಣಿಯನ್ನು ಇದೇ ಶನಿವಾರ ಸಂಜೆಯೊಳಗೆ ಕಟ್ಟಬೇಕು. ಮನೆಯ ಮಾಲೀಕರ ಚೀಟಿ ಲಗತ್ತಿಸಿದೆ. ಈ ತಿಂಗಳಿನಿಂದ ತಿಂಗಳಿಗೆ ನಾಲ್ಕು ಸಾವಿರದಂತೆ ಮೂರು ಕಂತುಗಳಲ್ಲಿ ನನ್ನ ಸಂಬಳದಿಂದ ಹಿಡಿದುಕೊಳ್ಳಲು ಒಪ್ಪಿದ್ದೇನೆ. ಹಿಂದೆ ಪಡೆದ ಮುಂಗಡಗಳಲ್ಲಿ ಬಾಕಿ ಇಲ್ಲ. ಮಂಜೂರು ಮಾಡಬೇಕೆಂದು ಕೋರುತ್ತೇನೆ."

ಓದಿ ಹೇಳಿದೆ. ಮೊಣಕಾಲು ಎಲ್ಲೂ ಇರಲಿಲ್ಲ. ಸುಳ್ಳೂ ಇರಲಿಲ್ಲ. ಅವನ ಸಂಬಳ ಹದಿನೆಂಟು ಸಾವಿರ, ನಾಲ್ಕು ಸಾವಿರ ಅದರ ಕಾಲು ಭಾಗದೊಳಗೇ ಬರುತ್ತದೆ ಎಂದು ಮೂರು ಸಲ ಲೆಕ್ಕ ಹಾಕಿ ನೋಡಿದ್ದೆ.

ಚಿಕ್ಕಪ್ಪ ಹುಬ್ಬೇರಿಸಿದ. "ಪರವಾಗಿಲ್ಲ. ನಾನೇ ಯಾವನೋ ದೊಡ್ಡ ಮನುಷ್ಯ ಇದ್ದ ಹಾಗೆ ಕಾಣುತ್ತೆ." ಕಾಗದವನ್ನು ಮಡಿಚುತ್ತ, "ಒಂದು ಕಡೆ ಮಾತ್ರ ಸ್ವಲ್ಪ ಗಡುಸಾಯ್ತು" ಎಂದ.

"ಎಲ್ಲಿ?"

"ಇರ್ಲಿ ಬಿಡು. ಮನೇಲಿ ಸಹಿ ಹಾಕಿ ನಾಳೆ ನಾನೇ ಕೊಡ್ತೀನಿ. ನನ್ನ ಪತ್ರ ನೀನು ಹೊತ್ಕೊಂಡು ಹೋದ್ರೆ ಚೆನ್ನಾಗಿರಲ್ಲ."

ಎಲ್ಲಿ ಗಡುಸಾಯಿತೆಂದು ನಾನು ಮತ್ತೊಮ್ಮೆ ಕೇಳಬೇಕಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಗಾಡಿ ಬಂತು, ಹಸಿರು ಬಟ್ಟೆಯ ಮೂವತ್ತು ಮೂಟೆ.

* * *

ಶುಕ್ರವಾರ ಮೂರೂವರೆಗೆ ಮಂಜೂರಾದ ಮುಂಗಡಗಳ ಪಟ್ಟಿಯನ್ನು ಆಫೀಸಿನ ಬಾಗಿಲಿಗೆ ಅಂಟಿಸಿದರು. ಹೆಸರುಗಳ ಬದಲು ಟೋಕನ್ ಸಂಖ್ಯೆ. ಹನ್ನೊಂದು ಇತ್ತು, ಹತ್ತೊಂಬತ್ತು ಇತ್ತು, ಡ್ರೈವರನ ಇಪ್ಪತ್ತಾರು ಈ ಸಲವೂ ಇತ್ತು. ಏಳು ಇರಲಿಲ್ಲ. ಕಣ್ಣು ತಪ್ಪಿತೇನೋ ಎಂದು ಬೆರಳಿಟ್ಟು ಓದಿದೆ. ಕಾಲು ಭಾಗದ ಲೆಕ್ಕ ತಪ್ಪಿರಬೇಕು, ಅಥವಾ ಚೀಟಿ ಲಗತ್ತಿಸಲು ಮರೆತಿರಬೇಕು, ಏನೇ ಆದರೂ ತಪ್ಪು ನನ್ನದೇ ಇರಬೇಕು ಎಂದುಕೊಂಡೇ ಬಾಗಿಲು ತಳ್ಳಿದೆ.

ಚಿಕ್ಕ ಮೇಡಂ ಕಂಪ್ಯೂಟರಿನಿಂದ ತಲೆಯೆತ್ತಿದರು. "ಬನ್ನಿ. ಏನು?"

"ಟೋಕನ್ ಏಳು ಯಾಕೆ ವಾಪಸ್ ಕಳ್ಸಿದ್ರಿ ಮೇಡಂ?"

"ನಾನು ವಾಪಸ್ ಕಳ್ಸಿಲ್ಲ. ಅವರೇ ಬೇಡ ಅಂದಿದಾರಲ್ಲ." ಟ್ರೇಯಿಂದ ಕಾಗದ ತೆಗೆದು ನನ್ನ ಮುಂದೆ ಇಟ್ಟರು.

ನನ್ನ ಅಕ್ಷರ. ಓನರಮ್ಮನ ಚೀಟಿ ಪಿನ್ನು ಹಾಕಿ ನೆಟ್ಟಗೆ ಕೂತಿತ್ತು. ಕಂತಿನ ಲೆಕ್ಕ ಸರಿಯಿತ್ತು. ನಡುವೆ ಒಂದು ಕಡೆ ಮಾತ್ರ, 'ಬೇಕಾಗಿದೆ' ಎಂಬುದಕ್ಕೆ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಮೇಲೆ ಚಿಕ್ಕಪ್ಪನ ದುಂಡು ಅಕ್ಷರದಲ್ಲಿ ಬರೆದಿತ್ತು: 'ಬೇಕಾಗಿತ್ತು'. ಪಕ್ಕದಲ್ಲಿ ಚಿಕ್ಕ ಸಹಿ. ಅದರ ಕೆಳಗೆ ದಿನಾಂಕವೂ ಇತ್ತು.

"ನೋಡಿ," ಎಂದರು ಮೇಡಂ, "ಬೇಕಾಗಿದೆ ಅಂತ ಇದ್ದದ್ದನ್ನ ಹೊಡೆದು ಬೇಕಾಗಿತ್ತು ಅಂತ ಮಾಡಿದಾರೆ. ಸಹಿ ಬೇರೆ ಹಾಕಿದಾರೆ. ಅಂದ್ರೆ ಆಗ ಬೇಕಾಗಿತ್ತು, ಈಗ ಬೇರೆ ಕಡೆಯಿಂದ ಆಯ್ತು ಅಂತ ತಾನೇ ಅರ್ಥ? ಸುಮ್ಮನೆ ಒಬ್ಬರು ಒಂದು ಪದ ಹೀಗೆ ತಿದ್ದಿ ಸಹಿ ಹಾಕ್ತಾರಾ?"

ಓಡಿಹೋಗಿ ಚಿಕ್ಕಪ್ಪನನ್ನು ರೋಲರಿನಿಂದ ಬಿಡಿಸಿ ಕರೆತಂದೆ. ಅವನ ಮುಖದಿಂದ ಬೆವರು ಇಳಿಯುತ್ತಿತ್ತು, ಕೈಯಲ್ಲಿ ಇನ್ನೂ ಬಟ್ಟೆಯ ಕೈಗವಸುಗಳಿದ್ದವು.

"ಇದನ್ನ ಯಾಕೆ ತಿದ್ದಿದೆ ಚಿಕ್ಕಪ್ಪಾ?"

"ಯಾಕೆ ಅಂದ್ರೆ? ಬೇಕಾಗಿದೆ ಅಂತ ಯಾರಾದ್ರೂ ದೊಡ್ಡವರ ಹತ್ರ ಕೇಳ್ತಾರಾ? ಕುತ್ತಿಗೆ ಮೇಲೆ ಕೂತು ಕೇಳಿದ ಹಾಗಿರುತ್ತೆ. ಬೇಕಾಗಿತ್ತು ಅನ್ನೋದು ಮರ್ಯಾದೆ."

"ಆದ್ರೆ ಬರವಣಿಗೆಯಲ್ಲಿ ಅದು ಮುಗಿದುಹೋದ ಕಾಲ!"

"ಅಂಗಡಿಗೆ ಹೋಗಿ ಅರ್ಧ ಕೆಜಿ ಸಕ್ಕರೆ ಬೇಕಾಗಿತ್ತು ಅಂತೀಯ. ಅಂಗಡಿಯವ್ನು 'ಹೌದಾ, ಈಗ ಬೇಡ್ವಾ, ಹೋಗಿ ಬಾ' ಅಂತಾನಾ?" ಮೇಡಂ ಕಡೆ ತಿರುಗಿದ. "ನೀವೇ ಹೇಳಿಯಮ್ಮ. ನಿನ್ನೆ ನೀವು ನನ್ನ ಹತ್ರ ಬಂದು ಏನಂದ್ರಿ? 'ಅಣ್ಣಾ, ಆ ಹೋಟೆಲಿನ ಶೀಟು ಬೇಗ ಬೇಕಾಗಿತ್ತು.' ನಾನು ಈಗ ಬೇಡ ಅಂತ ಸುಮ್ನೆ ಕೂತ್ನಾ? ಆರು ಗಂಟೆಯೊಳಗೆ ಕೊಟ್ಟೆ."

ಮೇಡಂ ಪತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಪದವನ್ನು ಮತ್ತೊಮ್ಮೆ ಓದಿದರು. ನಾನು ಅವರ ಮುಖ ನೋಡಲಾರದೆ ಕಾಗದ ನೋಡಿದೆ.

"ಸರಿ," ಎಂದರು ಕಡೆಗೆ. "ತಪ್ಪು ತಿಳ್ಕೊಂಡಿದ್ದು ನಾನೇ. ಕರೆದು ಕೇಳಬಹುದಿತ್ತು. ಆದ್ರೆ ಬ್ಯಾಂಕಿಗೆ ಪಟ್ಟಿ ಹೋಗಿ ಅರ್ಧ ಗಂಟೆ ಆಯ್ತು. ಇನ್ನು ಸೋಮವಾರವೇ."

"ಸೋಮವಾರ ಆಗಲ್ಲ ಮೇಡಂ!" ನನ್ನ ದನಿ ನನಗೇ ಕೀಚಲಾಗಿ ಕೇಳಿಸಿತು. "ನಾಳೆ ಕಟ್ಟದೇ ಇದ್ರೆ ಮನೆ ಹೋಗುತ್ತೆ. ಚಿಕ್ಕಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ನಾಲ್ಕು ತಿಂಗಳಿಂದ ಮೂರನೇ ಮಹಡಿಯಿಂದ ಇಳಿದಿಲ್ಲ, ಅವರು ಪಾಪ…"

ಬಾಯಿಂದ ಬಂದದ್ದು ಬಂದೇಹೋಯಿತು. ಚಿಕ್ಕಪ್ಪ ನನ್ನ ಕಡೆ ತಿರುಗಲಿಲ್ಲ. ಕೈಗವಸುಗಳನ್ನು ಒಂದೊಂದಾಗಿ ಕಳಚಿ, ಒಂದರ ಮೇಲೊಂದು ಇಟ್ಟು, ಮಡಿಚಿ ಜೇಬಿಗೆ ಹಾಕಿಕೊಂಡ. ಮಂಗಳವಾರ ಅವನು ಕೇಳಿದ್ದು ಒಂದೇ ಒಂದು, ಅದನ್ನೇ ನಾನು ಉಳಿಸಲಿಲ್ಲ. ಅದೂ 'ಪಾಪ' ಸೇರಿಸಿ.

"ಅದನ್ನ ಹೇಳಬೇಕಾಗಿರ್ಲಿಲ್ಲ," ಎಂದರು ಮೇಡಂ ನನಗೆ. ಬೈದ ಹಾಗಿರಲಿಲ್ಲ. "ಪತ್ರದಲ್ಲಿ ಕಾರಣ ಇದೆ, ಚೀಟಿ ಇದೆ. ನನಗೆ ಅಷ್ಟೇ ಸಾಕು." ಆಮೇಲೆ ಚಿಕ್ಕಪ್ಪನಿಗೆ, "ಆಫೀಸಿನ ಸಣ್ಣ ಖರ್ಚಿನ ಪೆಟ್ಟಿಗೆಯಿಂದ ಒಬ್ಬರಿಗೆ ಐದು ಸಾವಿರದವರೆಗೆ ಕೊಡಬಹುದು. ಉಳಿದ ಏಳು ಸೋಮವಾರ ನಿಮ್ಮ ಖಾತೆಗೆ. ಅದನ್ನ ಬರೆದು ಸೀಲು ಹಾಕಿ ಕೊಡ್ತೀನಿ, ಮನೆಯವರಿಗೆ ತೋರಿಸಿ. ಏಳನ್ನೂ ನನ್ನ ಕೈಯಿಂದಲೇ ಕೊಡಬಹುದು. ಕೊಟ್ರೆ ಮತ್ತೆ ಗೇಟಿನ ಹತ್ರ ನಿಂತ ಹಾಗಾಗುತ್ತೆ. ನಿಮಗೂ ಅದು ಇಷ್ಟ ಆಗಲ್ಲ ಅನ್ಕೋತೀನಿ."

"ಇಲ್ಲ," ಎಂದ ಚಿಕ್ಕಪ್ಪ. "ನಾನು ಅರ್ಜಿ ಕೊಟ್ಟಿದೀನಿ."

ಮೇಡಂ ಆ ಕಾಗದವನ್ನೇ ಮುಂದೆ ತಳ್ಳಿ, 'ಬೇಕಾಗಿತ್ತು' ಎಂಬುದನ್ನು ಸರಿಮಾಡಿ ಎಂದರು. ಚಿಕ್ಕಪ್ಪ ಪೆನ್ನು ತೆಗೆದುಕೊಂಡು ನಿಧಾನವಾಗಿ ಗೆರೆ ಎಳೆದ. ಮೇಲೆ ಜಾಗ ಇರಲಿಲ್ಲ, ಅಂಚಿನಲ್ಲಿ ಬರೆದ: 'ಬೇಕಾಗಿದೆ'. ಬರೆಯುವಾಗ ಮುಖದಲ್ಲಿ ಯಾರನ್ನೋ ಏಕವಚನದಲ್ಲಿ ಮಾತಾಡಿಸಿದಂಥ ಮುಜುಗರ. ಮತ್ತೆ ಚಿಕ್ಕ ಸಹಿ. ಒಂದೇ ಪದಕ್ಕೆ ಎರಡು ಸಹಿ ಬಿದ್ದ ಅರ್ಜಿ ಆ ಆಫೀಸಿನಲ್ಲಿ ಅದೊಂದೇ ಇರಬೇಕು.

ಮಂಜೂರಾತಿ ಪತ್ರವನ್ನು ಬರೆಯಲು ಮೇಡಂ ನನಗೇ ಹೇಳಿದರು. ಇಂಥ ಮುಂಗಡ ಮಂಜೂರಾಗಿದೆ, ಇಂದು ಐದು ಸಾವಿರ ನಗದಾಗಿ ನೀಡಲಾಗಿದೆ, ಉಳಿದ ಏಳು ಸಾವಿರ ಸೋಮವಾರ ಜಮೆಯಾಗುತ್ತದೆ. ನಾಲ್ಕು ಸಾಲು. ನಾಲ್ಕು ಸಾಲಿಗೆ ಮೂರು ಕಾಗದ ಹಾಳು ಮಾಡಿದೆ. ಮೂರನೆಯದರಲ್ಲಿ 'ಏಳು' ಎಂಬಲ್ಲಿ 'ಏಲು' ಬರೆದಿದ್ದೆ.

* * *

ಶನಿವಾರ ಕೆಲಸ ಮುಗಿದ ಮೇಲೆ ಓನರಮ್ಮನ ಹತ್ತಿರ ಚಿಕ್ಕಪ್ಪನ ಜೊತೆ ನಾನೂ ಹೋದೆ. ಬಾ ಎಂದು ಅವನು ಕರೆದಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಬಂದ. ನಾನು ಎರಡು ಸಲ, "ಚಿಕ್ಕಪ್ಪಾ, ಅದು ಗಾಬರಿಯಲ್ಲಿ…" ಎಂದು ಶುರುಮಾಡಿದೆ. ಎರಡು ಸಲವೂ ಅವನು ಕಿಟಕಿಯ ಹೊರಗೆ ಯಾವುದೋ ಅಂಗಡಿಯ ಬೋರ್ಡು ಓದುತ್ತಿದ್ದ.

ಓನರಮ್ಮ ವರಾಂಡದಲ್ಲಿ ಕೂತು ಬಕೆಟ್ಟಿನ ಹಿಡಿಗೆ ತಂತಿ ಸುತ್ತುತ್ತಿದ್ದರು. ಚಿಕ್ಕಪ್ಪ ಹಣ ಇಟ್ಟ, ಮೇಲೆ ಪತ್ರ ಇಟ್ಟ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಪತ್ರವನ್ನು ಮೊದಲಿಂದ ಕೊನೆವರೆಗೆ ಓದಿದರು, ಸೀಲನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ಇದೆಲ್ಲ ಯಾಕೆ ಮಾಡ್ಸಿದ್ರಿ? ಸೋಮವಾರ ಕೊಡ್ತೀನಿ ಅಂತ ಬಾಯಲ್ಲಿ ಹೇಳಿದ್ರೆ ನಾನು ಬೇಡ ಅಂತಿದ್ನಾ? ಎಂಟು ವರ್ಷದಿಂದ ಬಾಡಿಗೆ ಒಂದು ದಿನ ತಡ ಮಾಡಿಲ್ಲ ನೀವು."

ನಾನು ಗೋಡೆಗೆ ಒರಗಿ ನಿಂತೆ. ವಾರಪೂರ್ತಿ ಎಷ್ಟು ಕಾಗದ, ಎಷ್ಟು ಸಿಟ್ಟು, ಎಷ್ಟು ಸಲ ಎಣಿಕೆ ತಪ್ಪಿದ್ದು. "ಶನಿವಾರದೊಳಗೆ ಕೊಡದೇ ಇದ್ರೆ ಬೇರೆಯವರು ಕಾದಿದಾರೆ ಅಂತ ನೀವೇ ಬರೆದುಕೊಟ್ಟಿದ್ರಲ್ಲ" ಎಂದೆ.

"ಅಯ್ಯೋ, ಹಾಗೆ ಬರೀದೇ ಇದ್ರೆ ಯಾರು ದುಡ್ಡು ತಂದುಕೊಡ್ತಾರೆ ಮಗಳೇ? ಕಾದಿರೋದು ನಿಜ. ಆದ್ರೂ ಮೂರನೇ ಮಹಡಿ ಕಿಟಕಿಯಿಂದ ದಿನಾ ಬದನೆಕಾಯಿ ಬೀಳೋದನ್ನ ನೋಡೋಳು ನಾನು." ಕೀಲಿ ತೆಗೆದು ಚಿಕ್ಕಪ್ಪನ ಕೈಗೆ ಕೊಟ್ಟರು. "ಪತ್ರ ನನ್ನ ಹತ್ರವೇ ಇರ್ಲಿ. ಚೆನ್ನಾಗಿ ಬರ್ದಿದಾರೆ."

ಚಿಕ್ಕಪ್ಪ ಕೀಲಿಯನ್ನು ನೋಡಿದ. ಪತ್ರ ಬರೆದದ್ದು ಯಾರೆಂದು ಹೇಳಲಿಲ್ಲ.

ಭಾನುವಾರ ಬೆಳಗ್ಗೆ ನಾನು ಹೋಗುವ ಹೊತ್ತಿಗೆ ಪಾತ್ರೆ, ಬಟ್ಟೆ, ಗ್ಯಾಸ್ ಸ್ಟೌ ಎಲ್ಲ ಕೆಳಗೆ ಇಳಿದಿದ್ದವು. ಚಿಕ್ಕಮ್ಮ ಕೂಡ ಇಳಿಯುತ್ತಿದ್ದಳು. ಹೊರುವುದು ಬೇಡವೆಂದು ಹಟ ಹಿಡಿದು, ಮೆಟ್ಟಿಲ ಮೇಲೆ ಕೂತು, ಕೂತ ಮೆಟ್ಟಿಲಿಂದ ಇನ್ನೊಂದಕ್ಕೆ ಜರುಗುತ್ತ, ಎರಡನೇ ಮಹಡಿಯ ತಿರುವಿಗೆ ಬಂದಿದ್ದಳು. ಮೊಣಕಾಲಿಗೆ ಪಟ್ಟಿ. ಪಕ್ಕದ ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಬಾರೇ! ನಿಮ್ಮಪ್ಪನ ತಮ್ಮ ನಿನ್ನ ಹತ್ರ ಮಾತು ಬಿಟ್ಟಿದಾನಂತೆ, ನನ್ನ ಮಂಡಿ ಮಾತು ಆಫೀಸಲ್ಲಿ ಆಡಿದ್ಯಂತೆ. ಆಡಿದ್ರೆ ಏನೀಗ? ಸವೆದಿದ್ದು ನಂದು ತಾನೇ? ನನ್ನ ಕೇಳಿದ್ರೆ ನಾನೇ ಹೋಗಿ ತೋರ್ಸಿ ಬರ್ತಿದ್ದೆ." ಉಸಿರು ಬಿಟ್ಟು ಇನ್ನೊಂದು ಮೆಟ್ಟಿಲು ಜರುಗಿದಳು. "ಹೋಗು, ಮೇಲೆ ಒಬ್ಬನೇ ಮಂಚದ ಜೊತೆ ಗುದ್ದಾಡ್ತಿದಾನೆ."

ಮೇಲೆ ಖಾಲಿ ಕೋಣೆಯಲ್ಲಿ ಚಿಕ್ಕಪ್ಪ ಕಬ್ಬಿಣದ ಮಂಚದ ಒಂದು ತುದಿ ಎತ್ತಿ, ಬಾಗಿಲಲ್ಲಿ ಸಿಕ್ಕಿಸಿ, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ನಿಂತಿದ್ದ. ನನ್ನನ್ನು ಕಂಡ. ನಾನು ಬಾಗಿಲ ಹೊರಗೇ ನಿಂತೆ. ಕ್ಷಮಿಸು ಎಂದು ಹೇಗೆ ಶುರುಮಾಡಬೇಕು, ಯಾವ ಪದದಿಂದ, ಅವನಿಗೆ ಗಡುಸೆನಿಸದ ಹಾಗೆ ಹೇಗೆ ಹೇಳಬೇಕು ಎಂದು ನಿನ್ನೆಯಿಂದ ಜೋಡಿಸಿಕೊಂಡು ಬಂದಿದ್ದೆಲ್ಲ ಮರೆತಿತ್ತು.

"ಏನೇ ಕಾಲೇಜು," ಎಂದ ಹಲ್ಲು ಕಚ್ಚಿಕೊಂಡು, "ನಿಂತ್ಕೊಂಡು ಏನು ನೋಡ್ತೀಯ? ಆ ತುದಿ ಹಿಡಿ ಅನ್ನೋಕೆ ನಿಂಗೂ ಅರ್ಜಿ ಬರ್ದು ಕೊಡ್ಬೇಕಾ?"

ನಾನು ಹಿಡಿದೆ. ಭಾರವಿತ್ತು.